ಚಳಿಗಾಲದ ಹೆಪ್ಪು

ಹಾಲು ಮೊಸರಾಗುವುದಕ್ಕೆ ಬೇಕಾದ್ದು ಮೂರೇ: ಕಾದು ಆರಿದ ಹಾಲು, ಒಂದು ಚೂರು ಹೆಪ್ಪು, ಕೆಲವು ಗಂಟೆಗಳ ಬೆಚ್ಚಗಿನ ವಿಶ್ರಾಂತಿ. ಬೇಸಿಗೆಯಲ್ಲಿ ಮೂರನೆಯದನ್ನು ಹವೆಯೇ ಪುಕ್ಕಟೆಯಾಗಿ ಕೊಡುವುದರಿಂದ ಅದೂ ಒಂದು ಸಾಮಗ್ರಿ ಎಂಬುದು ಮರೆತುಹೋಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಚನ್ನಗಿರಿಯ ಅಡುಗೆಮನೆಯಲ್ಲಿ ರಾತ್ರಿ ಹೆಪ್ಪು ಹಾಕಿಟ್ಟ ಪಾತ್ರೆ ತನ್ನಷ್ಟಕ್ಕೆ ತಾನೇ ಬೆಳಗಿನ ಹೊತ್ತಿಗೆ ಗಟ್ಟಿ ಮೊಸರಾಗಿರುತ್ತದೆ. ಅದೇ ಕೈ, ಅದೇ ಪಾತ್ರೆ, ಅದೇ ಹಾಲು. ಡಿಸೆಂಬರ್ ಬಂದ ಕೂಡಲೇ ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತದೆ. ಮಾರ್ಗಶಿರ, ಪುಷ್ಯದ ಬೆಳಗಿನ ಜಾವ ಈ ಕಡೆ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಕೆರೆಯ ಬದಿಯ, ಭದ್ರಾ ನಾಲೆಯ ನೀರುಂಡ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ಥಂಡಿ ಇನ್ನೂ ಒಂದು ಕೈ ಹೆಚ್ಚೇ. ಹಿಮ ಬೀಳುವ ನಾಡಿನವರಿಗೆ ಇದು ಚಳಿ ಎನಿಸಲಿಕ್ಕಿಲ್ಲ. ಮೊಸರಿನ ಮಟ್ಟಿಗೆ ಮಾತ್ರ ಇಷ್ಟು ಚಳಿ ಧಾರಾಳವಾಯಿತು.

ಇಂಥ ಬೆಳಿಗ್ಗೆ ಬಹುತೇಕ ಮನೆಗಳಲ್ಲಿ ಬರುವ ತೀರ್ಮಾನ ಒಂದೇ: ಹೆಪ್ಪು ಸಾಲಲಿಲ್ಲ. ಮರುದಿನ ಒಂದು ಚಮಚದ ಜಾಗದಲ್ಲಿ ಮೂರು ಚಮಚ ಬೀಳುತ್ತದೆ. ಮೊಸರು ಆಗುತ್ತದೆ, ಆದರೆ ಹುಳಿಯಾಗಿ, ನೀರೊಡೆದು ಆಗುತ್ತದೆ. ಚಳಿಗಾಲದ ಮೊಸರಿನ ಕಷ್ಟಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಒಂದು ತಪ್ಪು ತೀರ್ಮಾನದಿಂದ ಬಂದವು. ಕಡಿಮೆಯಾದದ್ದು ಹೆಪ್ಪಲ್ಲ, ಬಿಸಿ.

ಹೆಪ್ಪಿನಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಅವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಆಮ್ಲ ಏರುತ್ತ ಹೋದಂತೆ ಹಾಲಿನೊಳಗಿನ ಕೇಸಿನ್ ಎಂಬ ಪ್ರೋಟೀನಿನ ಸೂಕ್ಷ್ಮ ಕಣಗಳು ಒಂದನ್ನೊಂದು ಹಿಡಿದುಕೊಂಡು ಬಲೆ ಕಟ್ಟುತ್ತವೆ, ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಲಿನ ಪಿಎಚ್ ಸುಮಾರು 6.7 ಇರುತ್ತದೆ, ಅದು 4.6ರ ಹತ್ತಿರ ಬಂದಾಗ ಮೊಸರು ಪೂರ್ತಿ ಕಟ್ಟಿರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಸಿಹಿ ಮೊಸರು, ಮುಂದಕ್ಕೆ ಬಿಟ್ಟರೆ ಹುಳಿ. ಮನೆಯ ಹೆಪ್ಪಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬ್ಯಾಕ್ಟೀರಿಯಾ ಬೆರೆತಿರುತ್ತವೆ. 25ರಿಂದ 30 ಡಿಗ್ರಿಯಲ್ಲಿ ಖುಷಿಯಾಗಿ ಕೆಲಸ ಮಾಡುವ ಲ್ಯಾಕ್ಟೋಕಾಕಸ್ ಬಳಗ ಒಂದು. 40 ಡಿಗ್ರಿಯ ಮೇಲೆ ಚುರುಕಾಗುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಇನ್ನೊಂದು. ಯಾವ ಬಳಗವಾದರೂ ಸರಿ, 20 ಡಿಗ್ರಿಗಿಂತ ಕೆಳಗೆ ಬಂದರೆ ಕೆಲಸ ಕುಂಟುತ್ತದೆ. ಎರಡನೆಯದಂತೂ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಈಗ ಹಾಲಿನ ವಿಷಯ. ಹಳ್ಳಿಯಲ್ಲಿ ಸಂಜೆ ಡೇರಿಗೆ ಹಾಕಿ ಮನೆಗೆ ಉಳಿಸಿಕೊಂಡ ಹಾಲಾಗಲಿ, ಪೇಟೆಯಲ್ಲಿ ಕೊಂಡ ನಂದಿನಿ ಪ್ಯಾಕೆಟ್ಟಾಗಲಿ, ಎರಡನ್ನೂ ಹೆಪ್ಪಿಗೆ ಮುಂಚೆ ಚೆನ್ನಾಗಿ ಕಾಯಿಸಬೇಕು. ಪ್ಯಾಕೆಟ್ ಹಾಲು ಪಾಶ್ಚರೀಕರಣ ಆಗಿಯೇ ಬಂದಿರುತ್ತದೆ, ಮತ್ತೆ ಕಾಯಿಸುವುದೇಕೆ ಎಂಬ ವಾದ ಕುಡಿಯುವ ಹಾಲಿಗೆ ಒಪ್ಪಬಹುದು, ಮೊಸರಿಗೆ ಒಪ್ಪುವುದಿಲ್ಲ. ಪಾಶ್ಚರೀಕರಣದಲ್ಲಿ ಹಾಲು 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಮಾತ್ರ ಇರುತ್ತದೆ. ರೋಗಾಣು ಸಾಯುವುದಕ್ಕೆ ಅದು ಸಾಕು. ಆದರೆ ಹಾಲಿನ ತಿಳಿಯಲ್ಲಿ ಕರಗಿರುವ ಇನ್ನೊಂದು ಜಾತಿಯ ಪ್ರೋಟೀನು ಬಿಚ್ಚಿಕೊಂಡು ಕೇಸಿನ್‌ಗೆ ಅಂಟಬೇಕಾದರೆ 85 ಡಿಗ್ರಿಯ ಮೇಲೆ ಹಲವು ನಿಮಿಷ ಬೇಕು. ಹಾಗೆ ಅಂಟಿದಾಗ ಬಲೆ ಬಿಗಿಯಾಗುತ್ತದೆ, ನೀರನ್ನು ಬಿಟ್ಟುಕೊಡುವುದಿಲ್ಲ. ಉಕ್ಕಿದ ಕೂಡಲೇ ಇಳಿಸದೆ ಸಣ್ಣ ಉರಿಯಲ್ಲಿ ಇನ್ನೂ ಎಂಟು ಹತ್ತು ನಿಮಿಷ ಬಿಟ್ಟರೆ ಈ ಕೆಲಸ ಆಗುತ್ತದೆ. ಜೊತೆಗೆ ಒಂದಿಷ್ಟು ನೀರೂ ಆವಿಯಾಗಿ ಹಾಲು ದಪ್ಪಗಾಗುತ್ತದೆ. ಹಿಂದೆ ಬೆರಣಿಯ ಒಲೆಯ ಮೇಲೆ ಗಂಟೆಗಟ್ಟಲೆ ಕೆಂಪಗೆ ಕಾದ ಹಾಲಿನ ಮೊಸರು ಚಾಕುವಿನಲ್ಲಿ ಕೊಯ್ಯುವಂತಿತ್ತು ಎಂದು ಹಿರಿಯರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇರಬಹುದು, ಸುಳ್ಳಿಲ್ಲ.

ಹಾಲಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಎಮ್ಮೆಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹೆಚ್ಚು, ಅದು ಚಳಿಯಲ್ಲೂ ಗಟ್ಟಿಯಾಗಿ ಕೂರುತ್ತದೆ. ಎಚ್‌ಎಫ್ ಹಸುವಿನ ಹಾಲು ತೆಳು. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡ 3, ಕಿತ್ತಳೆ ಬಣ್ಣದ ಶುಭಂನಲ್ಲಿ 4.5. ತೆಳುಹಾಲಿನಿಂದಲೇ ಗಟ್ಟಿ ಮೊಸರು ಬೇಕೆಂದರೆ ಕಾಯಿಸುವಾಗ ಲೀಟರಿಗೆ ಎರಡು ದೊಡ್ಡ ಚಮಚ ಹಾಲಿನಪುಡಿ ಕದಡಬಹುದು. ಅದಕ್ಕಿಂತ ಹೆಚ್ಚು ಹಾಕಿದರೆ ಮೊಸರಿಗೆ ಪುಡಿಯದೇ ರುಚಿ ಬರುತ್ತದೆ.

ಹೆಪ್ಪಿನ ಪ್ರಮಾಣ ಬೇಸಿಗೆಯಲ್ಲಿ ಲೀಟರಿಗೆ ಒಂದು ಸಣ್ಣ ಚಮಚ ಸಾಕು. ಚಳಿಯಲ್ಲಿ ಎರಡು, ಹೆಚ್ಚೆಂದರೆ ಮೂರು. ಇದಕ್ಕಿಂತ ಮುಂದೆ ಹೋಗುವುದು ಲಾಭವಿಲ್ಲದ ವ್ಯಾಪಾರ. ಹೆಪ್ಪಿನ ಜೊತೆ ನಿನ್ನೆಯ ಹುಳಿಯೂ ಹಾಲಿಗೆ ಇಳಿಯುತ್ತದೆ. ಬಿಸಿ ಹಾಲಿಗೆ ಒಮ್ಮೆಲೇ ಆಮ್ಲ ಬಿದ್ದರೆ ಕೇಸಿನ್ ನಿಧಾನವಾಗಿ ಬಲೆ ಕಟ್ಟುವ ಬದಲು ಅಲ್ಲಲ್ಲೇ ಗಂಟು ಗಂಟಾಗುತ್ತದೆ. ರವೆರವೆಯಾದ, ಚಮಚ ಇಟ್ಟಲ್ಲೆಲ್ಲ ನೀರು ಬಿಡುವ ಮೊಸರು ಹೀಗೆ ಹುಟ್ಟುತ್ತದೆ. ಹೆಪ್ಪನ್ನು ಪಾತ್ರೆಯ ಮೇಲಿನ ತಿಳಿನೀರಿನಿಂದ ತೆಗೆಯದೆ ನಡುವಿನ ಗಟ್ಟಿ ಭಾಗದಿಂದ ತೆಗೆದು, ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ನುಣ್ಣಗೆ ಕದಡಿಕೊಂಡು, ಆಮೇಲೆ ಇಡೀ ಹಾಲಿಗೆ ಸೇರಿಸಿ ತಳದವರೆಗೆ ತಿರುವಬೇಕು. ಮುದ್ದೆಯಾಗಿ ಬಿದ್ದ ಹೆಪ್ಪು ಪಾತ್ರೆಯ ತಳ ಸೇರಿ ಅಲ್ಲಿ ಹುಳಿ, ಮೇಲೆ ಹಾಲು ಎಂಬ ಇಬ್ಬಂದಿ ತಂದಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಹೆಪ್ಪನ್ನು ಅರ್ಧ ಗಂಟೆ ಹೊರಗಿಟ್ಟು ಚಳಿ ಬಿಡಿಸಿಯೇ ಹಾಕುವುದು ಲೇಸು.

ಹೆಪ್ಪು ಯಾವ ಪರಿಸ್ಥಿತಿಯಲ್ಲಿ ಬೆಳೆದದ್ದು ಎಂಬುದನ್ನೂ ನೋಡಬೇಕು. ಮನೆಯ ಮೊಸರನ್ನೇ ದಿನದಿಂದ ದಿನಕ್ಕೆ ಹೆಪ್ಪಾಗಿ ಬಳಸುತ್ತ ಹೋದರೆ ಆ ಮನೆಯ ಹವೆಗೆ ಒಗ್ಗಿದ ಬಳಗವೇ ಅದರಲ್ಲಿ ಮೇಲುಗೈಯಾಗುತ್ತದೆ. ಸದಾ ತೀರಾ ಬಿಸಿಯಲ್ಲಿ ಕಟ್ಟಿಸಿದ ಮೊಸರಿನಲ್ಲಿ ಬಲ್ಗೇರಿಕಸ್‌ನ ಕಾರುಬಾರು ಹೆಚ್ಚು. ಅದರ ಮೊಸರು ಬೇಗ ಆಗುತ್ತದೆ, ಫ್ರಿಜ್ಜಿನಲ್ಲಿಟ್ಟ ಮೇಲೂ ನಿಧಾನಕ್ಕೆ ಹುಳಿಯಾಗುತ್ತಲೇ ಹೋಗುತ್ತದೆ. ಅಂಥ ಹೆಪ್ಪನ್ನು ತಣ್ಣಗಿನ ಹಾಲಿಗೆ ಹಾಕಿದರೆ ಅದು ಕೈಚೆಲ್ಲಿ ಕೂರುತ್ತದೆ. ನೆರೆಮನೆಯಲ್ಲಿ ಚೆನ್ನಾಗಿ ಆಗುವ ಹೆಪ್ಪು ಈ ಮನೆಯಲ್ಲಿ ಮೊದಲ ಸಲ ಮುನಿಸಿಕೊಂಡು ಎರಡನೆಯ, ಮೂರನೆಯ ಸಲಕ್ಕೆ ಹೊಂದಿಕೊಳ್ಳುವುದೂ ಇದೇ ಕಾರಣಕ್ಕೆ. ಅಂದಹಾಗೆ, ದೀಪ ಹಚ್ಚಿದ ಮೇಲೆ ಮೊಸರು ಹೊರಗೆ ಕೊಡಬಾರದೆಂಬ ನಂಬಿಕೆ ಇನ್ನೂ ಬಹಳ ಮನೆಗಳಲ್ಲಿದೆ. ‘ಅಕ್ಕಾರೇ, ಹೆಪ್ಪಿಗೆ ಒಂದು ಚೂರು ಮೊಸರಿದ್ರೆ ಕೊಡ್ರೀ’ ಎಂದು ಲೋಟ ಹಿಡಿದು ಹೋಗುವವರು ಚಳಿಗಾಲದಲ್ಲಿ ಸಂಜೆ ಆರರೊಳಗೆ ಹೋಗುವುದು ಕ್ಷೇಮ. ಕತ್ತಲೆ ಬೇಗ ಆಗುತ್ತದೆ.

ಹೆಪ್ಪು ಎಲ್ಲೂ ಸಿಗದಿದ್ದರೆ ಹಸಿಮೆಣಸಿನಕಾಯಿಯ ತೊಟ್ಟು ಇದೆ. ತೊಟ್ಟಿನ ಮೇಲೆ ಸಹಜವಾಗಿಯೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕೂತಿರುತ್ತವೆ. ಅರ್ಧ ಲೋಟ ಬೆಚ್ಚಗಿನ ಹಾಲಿಗೆ ನಾಲ್ಕೈದು ತೊಟ್ಟು ಹಾಕಿ ಹನ್ನೆರಡು ಗಂಟೆಗೂ ಹೆಚ್ಚು ಬೆಚ್ಚಗಿಟ್ಟರೆ ಅರೆಬರೆ ಕಟ್ಟಿದ, ಸ್ವಲ್ಪ ಒರಟು ವಾಸನೆಯ ಮೊಸರಾಗುತ್ತದೆ. ಅದನ್ನು ಊಟಕ್ಕೆ ಬಳಸುವುದಲ್ಲ, ಮರುದಿನದ ಹೆಪ್ಪಿಗೆ. ಎರಡು ಸಲ ದಾಟಿಸಿದ ಮೇಲೆ ಅದು ದಾರಿಗೆ ಬರುತ್ತದೆ. ನಿಂಬೆರಸ, ಹುಣಸೆಹುಳಿ ಹಾಕಿ ಮೊಸರು ಮಾಡುತ್ತೇವೆನ್ನುವವರು ಮಾಡುವುದು ಬಹುಮಟ್ಟಿಗೆ ಹಾಲು ಒಡೆಸುವ ಕೆಲಸವನ್ನೇ.

ಇನ್ನು ಬಿಸಿ. ಬೇಸಿಗೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ, ಅಂದರೆ 35 ಡಿಗ್ರಿಯ ಹತ್ತಿರ ಹೆಪ್ಪು ಹಾಕುವ ವಾಡಿಕೆ. ಚಳಿಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, 42ರಿಂದ 44 ಡಿಗ್ರಿಯಲ್ಲಿ ಹಾಕಬೇಕು. ಥರ್ಮಾಮೀಟರ್ ಇಲ್ಲದವರು ತೊಳೆದ ಕಿರುಬೆರಳನ್ನು ಹಾಲಿನಲ್ಲಿ ಅದ್ದಿ ಹತ್ತು ಎಣಿಸುತ್ತಾರೆ. ಹತ್ತಕ್ಕೆ ಬರುವ ಹೊತ್ತಿಗೆ ಬೆರಳಿಗೆ ಬಿಸಿ ಚೆನ್ನಾಗಿ ತಾಗುತ್ತಿರಬೇಕು, ಆದರೆ ಬೆರಳು ತೆಗೆಯಬೇಕೆನಿಸಬಾರದು. ಚಳಿಗೆ ಮರಗಟ್ಟಿದ ಬೆರಳು ಸುಳ್ಳು ಹೇಳುತ್ತದೆ: 38 ಡಿಗ್ರಿಯ ಹಾಲೂ ಅದಕ್ಕೆ ಸುಡುಬಿಸಿ. ಹಾಗಾಗಿ ಬೆರಳನ್ನು ಮೊದಲು ಬೆಚ್ಚಗೆ ಮಾಡಿಕೊಂಡು ನೋಡಬೇಕು. ಮೇಲಿನ ಎಲ್ಲೆಯೂ ಒಂದಿದೆ. 55 ಡಿಗ್ರಿ ದಾಟಿದ ಹಾಲಿಗೆ ಬಿದ್ದ ಹೆಪ್ಪಿನ ಬಹುಪಾಲು ಸಾಯುತ್ತದೆ, ಆಮೇಲೆ ಎಷ್ಟು ಹೊದಿಸಿದರೂ ಪ್ರಯೋಜನವಿಲ್ಲ.

ಹೆಪ್ಪು ಹಾಕುವಾಗಿನ ಬಿಸಿಗಿಂತ ಮುಖ್ಯ, ಆ ಬಿಸಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಅರ್ಧ ಲೀಟರ್ ಹಾಲಿನ ತೆಳು ಸ್ಟೀಲ್ ಪಾತ್ರೆಯನ್ನು 18 ಡಿಗ್ರಿಯ ಅಡುಗೆಮನೆಯಲ್ಲಿ ಹಾಗೇ ಬಿಟ್ಟರೆ ಎರಡು ಗಂಟೆಯೊಳಗೆ 42ರ ಹಾಲು 25ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತವೆ. ಈಗಿನ ಮನೆಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ, ಕಡಪ ಕಲ್ಲಿನ ಅಥವಾ ಗ್ರಾನೈಟಿನ ಕಟ್ಟೆ. ಕಲ್ಲು ಪಾತ್ರೆಯ ತಳದಿಂದ ಬಿಸಿಯನ್ನು ಹೀರಿ ಕುಡಿಯುತ್ತದೆ. ಪಾತ್ರೆಯ ಅಡಿಗೆ ನಾಲ್ಕು ಮಡಿಕೆಯ ಬಟ್ಟೆಯನ್ನೋ ಮರದ ಹಲಗೆಯನ್ನೋ ಇಡುವುದು ಮೇಲೆ ಹೊದಿಸುವಷ್ಟೇ ಅಗತ್ಯ.

ಮಣ್ಣಿನ ಗಡಿಗೆಯ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಹೊಗಳುವವರು ಋತುವನ್ನು ನೋಡುವುದಿಲ್ಲ. ಗಡಿಗೆಯ ಸೂಕ್ಷ್ಮ ರಂಧ್ರಗಳು ಮೊಸರಿನ ನೀರನ್ನು ಹೀರುತ್ತವೆ, ಮೊಸರು ಗಟ್ಟಿಯಾಗುತ್ತದೆ. ಹೊರಗೆ ಬಂದ ನೀರು ಆವಿಯಾಗುವಾಗ ಗಡಿಗೆಯನ್ನು ತಣ್ಣಗೂ ಮಾಡುತ್ತದೆ. ಬೇಸಿಗೆಯಲ್ಲಿ ಇವೆರಡೂ ಗುಣ. ಮೊಸರು ಮಧ್ಯಾಹ್ನದವರೆಗೆ ಹುಳಿಯಾಗುವುದಿಲ್ಲ. ಪುಷ್ಯಮಾಸದಲ್ಲಿ ಎರಡನೆಯ ಗುಣವೇ ಅವಗುಣವಾಗಿ, ಹೆಪ್ಪು ಎದ್ದೇಳುವ ಮೊದಲೇ ಹಾಲು ತಣ್ಣಗಾಗಿರುತ್ತದೆ. ಗಡಿಗೆಯೇ ಬೇಕೆನ್ನುವವರು ಅದಕ್ಕೆ ಮೊದಲು ಬಿಸಿನೀರು ತುಂಬಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಒರೆಸಿ ಆಮೇಲೆ ಹಾಲು ಹಾಕಬೇಕು, ಮತ್ತು ಸುತ್ತ ದಪ್ಪಗೆ ಹೊದಿಸಬೇಕು.

ಹೊದಿಕೆಗಳಲ್ಲಿ ಈ ಸೀಮೆಗೆ ಕುರಿಯ ಉಣ್ಣೆಯ ಕಂಬಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಕಾಯುತ್ತದೆ, ಅಷ್ಟೇ. ಆರಿದ ಹಾಲಿಗೆ ಹೆಪ್ಪು ಹಾಕಿ ಮೂರು ಕಂಬಳಿ ಸುತ್ತಿದರೆ ಒಳಗಿನ ಥಂಡಿಗೇ ಕಾವಲಿಟ್ಟಂತಾಗುತ್ತದೆ. ಅಕ್ಕಿಯ ಡಬ್ಬದೊಳಗೆ ಪಾತ್ರೆಯನ್ನು ಕುತ್ತಿಗೆಯವರೆಗೆ ಹೂಳುವ ಪದ್ಧತಿಯೂ ಇದೇ ತತ್ವದ್ದು; ಆದರೆ ಅಕ್ಕಿ ತಾನೇ ತಣ್ಣಗಿದ್ದರೆ ಮೊದಲ ಒಂದು ಗಂಟೆ ಹಾಲಿನ ಬಿಸಿಯನ್ನೇ ಕದಿಯುತ್ತದೆ. ಚಪಾತಿ ಇಡುವ ಹಾಟ್‌ಬಾಕ್ಸ್ ಇದ್ದರೆ ಎಲ್ಲಕ್ಕಿಂತ ಸುಲಭ: ಬಿಸಿನೀರಿನಲ್ಲಿ ತೊಳೆದು, ಅದರಲ್ಲೇ ಹೆಪ್ಪು ಹಾಕಿ ಮುಚ್ಚಿದರೆ ಐದಾರು ಗಂಟೆ ಹಾಲು ಹಿತವಾಗಿ ಬೆಚ್ಚಗಿರುತ್ತದೆ. ಸ್ವಲ್ಪ ಹಾಲಿಗೆ ಕುಕ್ಕರ್ ಚೆನ್ನ. ತಳದಲ್ಲಿ ಎರಡು ಬೆರಳು 45 ಡಿಗ್ರಿಯ ನೀರು ಹಾಕಿ, ಅದರಲ್ಲಿ ಹಾಲಿನ ಪಾತ್ರೆ ಇಟ್ಟು, ವಿಷಲ್ ಇಲ್ಲದೆ ಮುಚ್ಚಳ ಹಾಕಿ, ಒಂದು ಟವೆಲ್ ಸುತ್ತಿದರಾಯಿತು. ನೀರು ಗಾಳಿಗಿಂತ ಬಹಳ ನಿಧಾನವಾಗಿ ಆರುತ್ತದೆ. ಒಲೆ ಹಚ್ಚುವಂತಿಲ್ಲ.

ಒಲೆಯ ಮಾತು ಬಂದಾಗ ಅಡಿಕೆಯ ನೆನಪಾಗದೆ ಇರದು. ಚಳಿ ಬೀಳುವ ಹೊತ್ತಿಗೆ ಕೊಯ್ಲು ಇನ್ನೂ ನಡೆದಿದ್ದು, ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುವ ದೊಡ್ಡ ಒಲೆಗಳು ಅಂಗಳದಲ್ಲಿ ರಾತ್ರಿಯೂ ಬೆಚ್ಚಗಿರುತ್ತವೆ. ಅದರ ಪಕ್ಕ ಮೊಸರಿನ ಪಾತ್ರೆ ಇಡುವ ಆಸೆ ಸಹಜ. ಇಟ್ಟವರ ಪಾತ್ರೆಯನ್ನು ಬೆಳಿಗ್ಗೆ ನೋಡಿದರೆ ಒಂದು ಪಾಠ ಕಾಣುತ್ತದೆ. ಒಲೆಯ ಕಡೆಯ ಅರ್ಧದಲ್ಲಿ ಮೊಸರು ಅಂಚಿನಿಂದ ಸರಿದು ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಹಸಿರುಹಳದಿ ನೀರು ನಿಂತಿದೆ. ಈಚೆ ಅರ್ಧ ಇನ್ನೂ ಅಲುಗಾಡುವಷ್ಟು ಎಳತು. ಒಂದೇ ಪಕ್ಕದ ಕಾವು ಮೊಸರಿಗೆ ಆಗದು. ಕಾವಿನ ಜಾಗದಿಂದ ನಾಲ್ಕು ಮಾರು ದೂರ, ಅದೂ ಕಂಬಳಿಯೊಳಗೆ ಇಟ್ಟರೆ ಮಾತ್ರ ಆ ಒಲೆಯ ಉಪಯೋಗ ಉಂಟು.

ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸಬಾರದು. ಬಲೆ ಕಟ್ಟುವ ಹೊತ್ತಿನಲ್ಲಿ ಆದ ಅಲುಗಾಟದ ಗಾಯ ಮತ್ತೆ ಕೂಡುವುದಿಲ್ಲ, ಅಲ್ಲಿಂದ ನೀರು ಬರುತ್ತದೆ. ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡುವ ಆತುರಗಾರರು ಬಿಸಿಯನ್ನೂ ಕಳೆಯುತ್ತಾರೆ. ಬೆಚ್ಚಗೆ ಇಟ್ಟ ಮೊಸರು ಐದಾರು ಗಂಟೆಯಲ್ಲಿ ಆಗುತ್ತದೆ. ಪಾತ್ರೆಯನ್ನು ಒಂದಿಷ್ಟು ವಾರೆ ಮಾಡಿದಾಗ ಮೊಸರು ಇಡಿಯಾಗಿ ಒಂದೇ ತುಂಡಿನಂತೆ ಅಂಚಿನಿಂದ ಬಿಡಬೇಕು, ಮೇಲೆ ನೀರು ಕಾಣಬಾರದು. ಆ ಗಳಿಗೆಯಲ್ಲೇ ಹೊದಿಕೆ ತೆಗೆದು ತಣ್ಣಗಿನ ಜಾಗಕ್ಕೆ ಸಾಗಿಸಬೇಕು. ಹೆಪ್ಪು ಹಾಕಲು ಅಡ್ಡಿಯಾದ ಚಳಿ ಈಗ ನೆಂಟನಾಗುತ್ತದೆ: 15 ಡಿಗ್ರಿಯ ಅಡುಗೆಮನೆಯಲ್ಲಿ, ಫ್ರಿಜ್ಜಿಲ್ಲದೆಯೂ, ಕಟ್ಟಿದ ಮೊಸರು ಮಧ್ಯಾಹ್ನದ ಊಟದವರೆಗೆ ಸಿಹಿಯಾಗಿರುತ್ತದೆ. ಕಂಬಳಿಯೊಳಗೆ ಮರೆತುಬಿಟ್ಟ ಮೊಸರು ಮಾತ್ರ ಎಂಟು ಗಂಟೆಗೆ ಹುಳಿ, ಹತ್ತು ಗಂಟೆಗೆ ನೀರು.

ಒಂದು ಮನೆಯ ಜನವರಿ ರಾತ್ರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಲೀಟರ್ ಪ್ಯಾಕೆಟ್ ಹಾಲು ಉಕ್ಕಿದ ಕೂಡಲೇ ಒಲೆ ಆರಿದೆ. ಸೀರಿಯಲ್ಲು ಮುಗಿದು ರಾತ್ರಿ ಹತ್ತಕ್ಕೆ ಹೆಪ್ಪಿನ ನೆನಪಾಗಿದೆ. ಹಾಲು ಅಷ್ಟರಲ್ಲಿ 30 ಡಿಗ್ರಿಗೆ ಬಂದಿದೆ. ಎರಡು ದೊಡ್ಡ ಚಮಚ ಹೆಪ್ಪು ಹಾಕಿ ಕಡಪ ಕಲ್ಲಿನ ಮೇಲೆ ಮುಚ್ಚಿಡಲಾಗಿದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ತಳದಲ್ಲಿ ಸ್ವಲ್ಪ ಮಂದ, ಮೇಲೆ ಹಾಲು. ಮತ್ತೊಂದು ಚಮಚ ಹೆಪ್ಪು ಹಾಕಿ ತಿರುವಿ, ಎಂಟಕ್ಕೆ ಕಾಂಪೌಂಡಿನ ಬಿಸಿಲಿಗಿಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಸಿಕ್ಕಿದ್ದು ಹುಳಿಯಾದ, ರವೆಯಾದ, ಅರ್ಧಕ್ಕರ್ಧ ನೀರೊಡೆದ ಮೊಸರು. ಇಲ್ಲಿ ಆದದ್ದೇನು? ಬೆಳಿಗ್ಗೆ ಆರರ ಹಾಲು ಕೆಟ್ಟಿರಲಿಲ್ಲ, ಅರ್ಧ ದಾರಿಯಲ್ಲಿತ್ತು. ತಿರುವಿದಾಗ ತಳದಲ್ಲಿ ಕಟ್ಟಲು ತೊಡಗಿದ್ದ ಬಲೆ ಹರಿಯಿತು, ಹೊಸ ಹೆಪ್ಪಿನ ಹುಳಿ ಕೂಡಿತು, ಬಿಸಿಲು ಪಾತ್ರೆಯ ಒಂದು ಮೈಯನ್ನು ಕಾಯಿಸಿತು. ಮೂರೂ ಸೇರಿ ಮೊಸರು ಹಾಳಾಯಿತು.

ಅದೇ ಬೆಳಿಗ್ಗೆ ಮಾಡಬಹುದಾಗಿದ್ದುದು ಇಷ್ಟು. ಮೊದಲು ಚಮಚದ ತುದಿಯಲ್ಲಿ ಒಂದು ಹನಿ ರುಚಿ ನೋಡುವುದು. ಸಿಹಿಯಾಗಿದ್ದು ವಾಸನೆ ಶುದ್ಧವಾಗಿದ್ದರೆ ಹಾಲನ್ನು ಮುಟ್ಟದೆ, ತಿರುವದೆ, ಪಾತ್ರೆಯನ್ನು ಹಾಗೇ ಎತ್ತಿ ಇನ್ನೊಂದು ಅಗಲ ಪಾತ್ರೆಯ 45 ಡಿಗ್ರಿಯ ನೀರಿನಲ್ಲಿ ಕೂರಿಸುವುದು. ನೀರು ಹೊರಗಡೆ ಹಾಲಿನ ಮಟ್ಟದವರೆಗೆ ಬರಬೇಕು. ಮುಚ್ಚಿ, ಟವೆಲ್ ಹೊದಿಸಿ, ಗಂಟೆಗೊಮ್ಮೆ ಹೊರಗಿನ ನೀರನ್ನು ಮಾತ್ರ ಬದಲಿಸುತ್ತಿದ್ದರೆ ಎರಡು ಮೂರು ಗಂಟೆಯಲ್ಲಿ ಸಾಧಾರಣ ಒಳ್ಳೆಯ ಮೊಸರು ಆಗುತ್ತದೆ. ಬೆಳಗಿನ ರೊಟ್ಟಿಗೆ ಸಿಗುವುದಿಲ್ಲ, ಮಧ್ಯಾಹ್ನದ ಅನ್ನಕ್ಕೆ ಸಿಗುತ್ತದೆ. ಹಾಲು ಕಹಿ ಅನಿಸಿದರೆ, ಇಲ್ಲವೇ ಕಮಟು ವಾಸನೆ ಬಂದಿದ್ದರೆ ಈ ಶ್ರಮ ಬೇಡ, ಚೆಲ್ಲಬೇಕು. ತಣ್ಣಗಿನ ಹಾಲಿನಲ್ಲಿ ಹೆಪ್ಪು ಮಲಗಿದ್ದಾಗ ಬೇರೆ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಮುರಿದುದರ ಗುರುತು ಆ ಕಹಿ.

ಮರುರಾತ್ರಿ ಅದೇ ಮನೆಯಲ್ಲಿ ಹಾಲು ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಒಂಬತ್ತಕ್ಕೆ, 43 ಡಿಗ್ರಿಯಲ್ಲಿ, ಎರಡೇ ಸಣ್ಣ ಚಮಚ ಹೆಪ್ಪು ಬೀಳಲಿ. ಬಿಸಿನೀರಿನಲ್ಲಿ ತೊಳೆದ ಪಾತ್ರೆ, ಕೆಳಗೆ ಮಡಿಸಿದ ಗೋಣಿತಾಟು, ಮೇಲೆ ಕಂಬಳಿ. ಬೆಳಗಿನ ಜಾವ ನಾಲ್ಕರಿಂದ ಐದರೊಳಗೆ ಮೊಸರು ಕಟ್ಟಿರುತ್ತದೆ, ಅಷ್ಟು ಹೊತ್ತಿಗೆ ಕಂಬಳಿಯೊಳಗಿನ ಬಿಸಿಯೂ ಇಳಿದಿರುತ್ತದೆ. ಹಾಗಾಗಿ ಆರಕ್ಕೆ ಎದ್ದು ತೆಗೆದರೂ ಹುಳಿಯ ಭಯವಿಲ್ಲ. ಹಾಟ್‌ಬಾಕ್ಸಿನಲ್ಲಿ ಬಿಸಿ ಹೆಚ್ಚು ಹೊತ್ತು ನಿಲ್ಲುವುದರಿಂದ ಅದರಲ್ಲಿ ಹಾಕುವವರು ಮಲಗುವ ಹೊತ್ತಿಗೆ, ಅಂದರೆ ಹನ್ನೊಂದರ ಸುಮಾರಿಗೆ ಹಾಕುವುದು ಒಳ್ಳೆಯದು.

ಹುಳಿಯಾದ ಮೊಸರನ್ನು ಹಿಂದಕ್ಕೆ ತರಲು ಬರುವುದಿಲ್ಲ. ಆಗಿರುವ ಆಮ್ಲ ಆಗಿಹೋಯಿತು. ಅಡುಗೆ ಸೋಡ ಹಾಕಿ ಅದನ್ನು ಕೊಲ್ಲುವವರಿದ್ದಾರೆ, ಅದರ ಜೊತೆ ರುಚಿಯೂ ಸಾಯುತ್ತದೆ. ಆದರೆ ಹುಳಿ ಇರುವುದು ಬಹುಪಾಲು ಮೊಸರಿನ ನೀರಿನಲ್ಲಿ. ಕಟ್ಟಿದ ಮೊಸರಿನ ಮೇಲೆ ತಣ್ಣನೆಯ ಕುಡಿಯುವ ನೀರನ್ನು ಅಂಚಿನಿಂದ ನಿಧಾನಕ್ಕೆ ಬಿಟ್ಟು, ಕಾಲು ಗಂಟೆ ಬಿಟ್ಟು, ಪಾತ್ರೆ ಬಗ್ಗಿಸಿ ಬಸಿದರೆ ಹುಳಿ ಎದ್ದು ಕಾಣುವಷ್ಟು ಇಳಿಯುತ್ತದೆ. ಅಥವಾ ತೆಳುಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕಿ, ನೀರು ಇಳಿದ ಮೇಲೆ ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿದರೆ ಮೊಸರನ್ನಕ್ಕೆ ಸಲ್ಲುತ್ತದೆ. ಇಳಿದ ನೀರು ರೊಟ್ಟಿಯ ಹಿಟ್ಟಿಗೋ ಸಾರಿಗೋ ಆಗುತ್ತದೆ. ತೀರಾ ಹುಳಿಯಾದದ್ದಕ್ಕೆ ಮಜ್ಜಿಗೆಹುಳಿಗಿಂತ ಒಳ್ಳೆಯ ಗತಿ ಇಲ್ಲ. ಅದನ್ನು ಮರುದಿನದ ಹೆಪ್ಪಿಗೆ ಮಾತ್ರ ಇಡಬಾರದು. ಬೇರೆ ಹೆಪ್ಪಿಲ್ಲವೆಂದಾದರೆ ಅರ್ಧ ಲೋಟ ಹಾಲಿಗೆ ಅದರ ಕಾಲು ಚಮಚ ಹಾಕಿ, ಕಟ್ಟಿದ ಕೂಡಲೇ ತಣ್ಣಗೆ ಮಾಡಿ, ಅದರಿಂದ ಮತ್ತೆ ಅರ್ಧ ಲೋಟಕ್ಕೆ ದಾಟಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ಹೆಪ್ಪು ಮತ್ತೆ ಮೆದುವಾಗುತ್ತದೆ.

ನೀರು ನೀರಾದ ಮೊಸರು ಎಂದು ಎಲ್ಲರೂ ಒಂದೇ ಹೆಸರಿನಲ್ಲಿ ಬೈಯುವುದು ವಾಸ್ತವದಲ್ಲಿ ಬೇರೆ ಬೇರೆ ತೊಂದರೆಗಳನ್ನು. ಗಟ್ಟಿ ಮೊಸರಿನ ಸುತ್ತ ತಿಳಿಯಾದ ಹಸಿರುಹಳದಿ ನೀರು ನಿಂತಿದ್ದರೆ ಬಲೆ ಕಟ್ಟಿ ಆಮೇಲೆ ಕುಗ್ಗಿದೆ ಎಂದರ್ಥ: ಬಿಸಿ ಹೆಚ್ಚಾಯಿತು, ಹೊತ್ತು ಮೀರಿತು, ಇಲ್ಲವೇ ಪಾತ್ರೆ ಅಲುಗಿತು. ಆ ಬಣ್ಣ ಹಾಲಿನಲ್ಲೇ ಇರುವ ರೈಬೋಫ್ಲೇವಿನ್ ಜೀವಸತ್ವದ್ದು, ಕೆಟ್ಟದ್ದರ ಗುರುತಲ್ಲ. ಅಂಥ ಪಾತ್ರೆಯನ್ನು ಎರಡು ಗಂಟೆ ಚೆನ್ನಾಗಿ ತಣ್ಣಗೆ ಮಾಡಿ ನೀರನ್ನು ಬಸಿದರೆ ಉಳಿದದ್ದು ಗಟ್ಟಿ ಮೊಸರೇ. ನೀರು ಬೇರೆಯಾಗದೆ ಇಡೀ ಪಾತ್ರೆಯೇ ತೆಳುವಾಗಿ, ಚಮಚದಿಂದ ಜಾರುವಂತಿದ್ದರೆ ಬಲೆ ಮೊದಲೇ ದುರ್ಬಲ: ಹಾಲು ತೆಳು, ಕಾದದ್ದು ಕಡಿಮೆ, ಅಥವಾ ಬಿಸಿ ನಿಲ್ಲಲಿಲ್ಲ. ಇದನ್ನು ಬಸಿದು ಪ್ರಯೋಜನವಿಲ್ಲ, ಮಜ್ಜಿಗೆ ಮಾಡಿಕೊಳ್ಳಬೇಕು. ನೀರಿನ ಜೊತೆ ಗುಳ್ಳೆ, ಮೊಸರಿನೊಳಗೆ ತೂತು, ಹೆಂಡದಂಥ ವಾಸನೆ ಇದ್ದರೆ ಯೀಸ್ಟೋ ಕೊಳಕು ಪಾತ್ರೆಯ ಬ್ಯಾಕ್ಟೀರಿಯಾವೋ ಸೇರಿದೆ. ಆ ಮೊಸರು ಹೆಪ್ಪಿನ ಸಮೇತ ಹೊರಗೆ.

ಚಳಿಗಾಲಕ್ಕೇ ವಿಶೇಷವಾದ ಇನ್ನೊಂದು ಕಾಯಿಲೆ ಲೋಳೆ. ಚಮಚ ಎತ್ತಿದರೆ ಮೊಸರು ಬೆಂಡೆಕಾಯಿಯಂತೆ ಎಳೆ ಎಳೆಯಾಗಿ ಬರುತ್ತದೆ. ಲ್ಯಾಕ್ಟೋಕಾಕಸ್ ಬಳಗದ ಕೆಲವು ತಳಿಗಳು 20 ಡಿಗ್ರಿಯ ಸುತ್ತಮುತ್ತ ಬೆಳೆಯುವಾಗ ಅಂಟಿನಂಥ ಸಕ್ಕರೆಯ ಎಳೆಗಳನ್ನು ಸುರಿಸುತ್ತವೆ. ಫಿನ್ಲೆಂಡಿನ ಜನ ಇದೇ ಲೋಳೆಯನ್ನು ಬೇಕೆಂದು ಬೆಳೆಸಿ, ಮನೆಯ ಸಾಮಾನ್ಯ ಉಷ್ಣತೆಯಲ್ಲೇ ಕಟ್ಟಿಸಿ, ವೀಲಿ ಎಂದು ಹೆಸರಿಟ್ಟು ಪ್ರೀತಿಯಿಂದ ತಿನ್ನುತ್ತಾರೆ. ಚನ್ನಗಿರಿಯಲ್ಲಿ ಅದನ್ನು ಬಡಿಸಿದರೆ ಎಲೆಯ ಮುಂದೆ ಕೂತವರ ಮುಖ ನೋಡುವಂತಿಲ್ಲ. ವಾಸನೆ, ರುಚಿ ಸರಿಯಿದ್ದರೆ ಚೆನ್ನಾಗಿ ಕಡೆದು ಮಜ್ಜಿಗೆ ಮಾಡಬಹುದು, ಕಡೆದಾಗ ಎಳೆ ಮುರಿಯುತ್ತದೆ. ಹೆಪ್ಪು ಮಾತ್ರ ಬದಲಾಗಬೇಕು, ಮುಂದಿನ ಸಲ ಹಾಲು 42 ಡಿಗ್ರಿಯಿಂದ ಕೆಳಗಿರಬಾರದು.

ಕೊನೆಗೆ ಉಳಿಯುವುದು, ಎಲ್ಲ ಸರಿ ಮಾಡಿದರೂ ಹೆಪ್ಪೇ ಹಿಡಿಯದ ಹಾಲು. ಕೆಚ್ಚಲುಬಾವಿಗೆ ಔಷಧಿ ಕೊಡಿಸಿದ ಹಸುವಿನ ಹಾಲಿನಲ್ಲಿ ಆ್ಯಂಟಿಬಯೋಟಿಕ್‌ನ ಅಂಶ ಕೆಲವು ದಿನ ಬರುತ್ತದೆ. ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಅದು ಬೆಳೆಯಗೊಡುವುದಿಲ್ಲ. ಸಂಶಯ ಬಂದರೆ ಪರೀಕ್ಷೆ ಸುಲಭ. ಒಂದು ಲೋಟದಲ್ಲಿ ಈ ಹಾಲು, ಇನ್ನೊಂದರಲ್ಲಿ ಪ್ಯಾಕೆಟ್ ಹಾಲು, ಎರಡಕ್ಕೂ ಒಂದೇ ಬಿಸಿ, ಒಂದೇ ಹೆಪ್ಪು, ಎರಡೂ ಒಂದೇ ಹಾಟ್‌ಬಾಕ್ಸಿನಲ್ಲಿ. ಎರಡೂ ಕಟ್ಟದಿದ್ದರೆ ತಪ್ಪು ಹೆಪ್ಪಿನದು. ಪ್ಯಾಕೆಟ್ಟಿನದು ಕಟ್ಟಿ ಇದು ಕಟ್ಟದಿದ್ದರೆ ತಪ್ಪು ಹಾಲಿನದು. ಹಾಲು ಕೊಡುವವರನ್ನು ಹಸುವಿಗೆ ಯಾವಾಗ ಸೂಜಿ ಹಾಕಿಸಿದರೆಂದು ಕೇಳಿ, ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಮೊಸರಿಗೂ ಬಳಸಬಾರದು, ಕುಡಿಯಲೂ ಬಾರದು.